ಪುಟ ಎಣಿಸಿದ ಮೇಷ್ಟ್ರು

ಪದವಿ ಓದುತ್ತಿರುವ ತಮ್ಮನ ಮಗಳು ಇನ್ನಂಜೆಗೆ ಬಂದಾಗ, ಕಾರಂತರ 'ಚೋಮನ ದುಡಿ' (1933) ಕುರಿತ ತನ್ನ ಪ್ರಬಂಧವನ್ನು ಮುಂದಿಟ್ಟಳು. "ಇದು ದಲಿತರ ಬದುಕಿನ ಕಥೆ" ಎಂಬುದು ಮೊದಲ ವಾಕ್ಯ.

"ಇದನ್ನು ಅಲ್ಲಗಳೆಯುವವರು ಯಾರು ಮಗಾ? ಅಲ್ಲಗಳೆಯಲಾಗದ ಮಾತಿಗೆ ವಾದವೇಕೆ?" ಎಂದೆ.

ಯೋಚಿಸಿ ತಿದ್ದಿದಳು: "ಚೋಮನನ್ನು ಸೋಲಿಸಿದ್ದು ಬಡತನಕ್ಕಿಂತ ಹೆಚ್ಚಾಗಿ ಜಾತಿ."

ಮೊದಲ ಪ್ಯಾರಾದಲ್ಲಿ, ಎತ್ತುಗಳಿದ್ದೂ ಬೇಸಾಯಕ್ಕೆ ಭೂಮಿ ಸಿಗದ ಸಂಗತಿ. ಎರಡನೆಯದರಲ್ಲಿ, ನೀರಲ್ಲಿ ಮುಳುಗುತ್ತಿದ್ದ ಮಗನನ್ನು ಮುಟ್ಟಿ ಎತ್ತಲು ಯಾರೂ ಮುಂದಾಗದ ಸಂಗತಿ. ಅದರ ನಡುವೆಯೇ ಸಾಲದ ಮಾತೂ ನುಸುಳಿತ್ತು. ಸಾಲವು ಬಡತನದ ಸಾಕ್ಷಿ, ಅವಳ ವಾದಕ್ಕೇ ಎದುರು.

"ಅಳಿಸಬೇಡ. ಬೇರೆ ಪ್ಯಾರಾದಲ್ಲಿ ಉತ್ತರಿಸು: ಸಾಲ ತೀರಿದರೂ ಜಾತಿ ತೀರದು" ಎಂದೆ. ಬಳಿಕ ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಓದಿಸಿದೆ. ವಾದ ತಾನೇ ನಿಂತಿತು.

ನಾನಾದರೋ ಎಷ್ಟೋ ವರ್ಷ ಪುಟ ಎಣಿಸಿಯೇ ಅಂಕ ಕೊಟ್ಟೆ. ಶಿಷ್ಯರು ಕ್ಷಮಿಸಬೇಕು.