ಹದಿಮೂರು ಅಕ್ಷರ

ಸೈದಾಪುರ ಸ್ಟೇಷನ್ನಿನಲ್ಲಿ ರಾಯಚೂರು ಕಡೆಯ ಗಾಡಿಗೆ ಕಾಯುತ್ತ ಕೂತಾಗ ನನ್ನ ಕಣ್ಣು ಪಕ್ಕದವರ ಹೆಬ್ಬೆರಳ ಮೇಲಿರುತ್ತದೆ. ಮೊಬೈಲಿನಲ್ಲಿ ಒಂದು ವಿಡಿಯೊ ಬರುತ್ತದೆ, ಹೆಬ್ಬೆರಳು ಅದನ್ನು ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ಬರುತ್ತದೆ, ಅದೂ ಹೋಯಿತು. ಎಲ್ಲೋ ಒಂದರ ಹತ್ತಿರ ಬೆರಳು ಗಾಜಿನಿಂದ ತುಸು ಮೇಲೆದ್ದು ಹಾಗೇ ನಿಲ್ಲುತ್ತದೆ. ಆ ನಿಲುಗಡೆಗಾಗಿ ನಾನು ಮಾತು ಕಟ್ಟುತ್ತೇನೆ. ಈ ಕೆಲಸದವರು ಅದನ್ನು ಹುಕ್ ಅನ್ನುತ್ತಾರೆ. ವಿಡಿಯೊದ ಮೊದಲ ಮೂರು ಸೆಕೆಂಡು, ಅಷ್ಟೇ ನನ್ನ ಹೊಲ. ನಾಲ್ಕು ವರ್ಷದಿಂದ ಅದನ್ನೇ ಉಳುತ್ತಿದ್ದೇನೆ, ಬೇಸರ ಬಂದಿಲ್ಲ.

ಹೋದ ಬೇಸಿಗೆಯಲ್ಲಿ ಬಂದ ಕೆಲಸವೊಂದು ನನಗೆ ಬಹಳ ಇಷ್ಟವಾದದ್ದು. ಒಂದು ಸನ್‌ಸ್ಕ್ರೀನ್ ಜೆಲ್, ಐವತ್ತು ಗ್ರಾಂ ಟ್ಯೂಬು. ಮೂವತ್ತು ಸೆಕೆಂಡಿನ ವಿಡಿಯೊ. ಅದನ್ನು ನೋಡಬೇಕಾದವರು ಇಲ್ಲಿಯವರೆಗೆ ಸನ್‌ಸ್ಕ್ರೀನ್ ಕೊಂಡೇ ಇಲ್ಲದವರು. ಮೊದಲು ಕೊಂಡು ಗೊತ್ತಿದ್ದವರಿಗೆ ಎಸ್‌ಪಿಎಫ್ ಎಷ್ಟು, ಒಳಗೆ ಏನಿದೆ ಅಂದರೆ ಬೆರಳು ನಿಲ್ಲಬಹುದು. ಹೊಸಬರಿಗೆ ಆ ಪದಗಳು ಬಾಗಿಲು ಮುಚ್ಚಿದ ಮನೆಯಿದ್ದ ಹಾಗೆ. ಅವರ ತಲೆಯಲ್ಲಿರುವುದು ಅನುಮಾನ, ಆ ಅನುಮಾನಕ್ಕೆ ಅವರದೇ ಮಾತಿರುತ್ತದೆ. ಅದನ್ನು ಕೇಳಿಸಿಕೊಳ್ಳುವ ಜಾಗ ನನಗೊಂದಿದೆ: ನಮ್ಮ ಚಿಕ್ಕಮ್ಮನ ಫ್ಯಾನ್ಸಿ ಸ್ಟೋರು. ಬಳೆ, ಟಿಕಳಿ, ರಿಬ್ಬನ್ನಿನ ನಡುವೆ ಒಂದು ಸಾಲು ಕ್ರೀಮು. ಒಂದು ವಾರ ಸಂಜೆ ಹೋಗಿ ಕೌಂಟರಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಕೇಳಿದ್ದನ್ನು ಕೇಳಿದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತಿದ್ದಿದರೆ ಅದರ ಜೀವ ಹೋಗುತ್ತದೆ.

ನಾಲ್ಕನೆಯ ಸಂಜೆ ಒಬ್ಬ ಹುಡುಗಿ ಟ್ಯೂಬು ತಿರುಗಿಸಿ ನೋಡಿ ಹೇಳಿದಳು: "ಬ್ಯಾಡಕ್ಕಾ, ನಮ್ಮ ಗೆಳತಿ ಹಚ್ಕೊಂಡಿದ್ಲು, ಗ್ವಾಡಿಗೆ ಸುಣ್ಣ ಹಚ್ಚಿದಂಗ ಕಾಣ್ತಿತ್ತು."

ನನ್ನ ಪೆನ್ನು ಅಲ್ಲಿ ನಿಂತಿತು. ಆ ಸುಣ್ಣದ ಮಾತಿನಲ್ಲಿ ಎಷ್ಟು ನಿಜವಿತ್ತೆಂದರೆ, ಆಕೆಗೇ ಅದು ಗೊತ್ತಿರಲಿಕ್ಕಿಲ್ಲ. ಸನ್‌ಸ್ಕ್ರೀನುಗಳಲ್ಲಿ ಒಂದು ಬಗೆ ಜಿಂಕ್ ಆಕ್ಸೈಡ್ ಇಲ್ಲವೆ ಟೈಟಾನಿಯಂ ಡೈಆಕ್ಸೈಡಿನಿಂದ ಬಿಸಿಲು ತಡೆಯುತ್ತದೆ. ಎರಡೂ ಬಿಳಿ ಪುಡಿಗಳು. ಟೈಟಾನಿಯಂ ಡೈಆಕ್ಸೈಡಂತೂ ಗೋಡೆಗೆ ಹಚ್ಚುವ ಬಿಳಿ ಪೇಂಟಿನಲ್ಲೂ ಇರುವಂಥದ್ದು. ನಮ್ಮ ಕಡೆಯ ಗೋಧಿ ಬಣ್ಣದ, ಎಣ್ಣೆಗಪ್ಪಿನ ಮುಖಗಳ ಮೇಲೆ ಆ ಪುಡಿ ಬೂದಿಯ ಹಾಗೆ ಎದ್ದು ಕಾಣುತ್ತದೆ. ನನಗೆ ಬಂದಿದ್ದ ಜೆಲ್ಲಿನಲ್ಲಿ ಆ ಪುಡಿ ಇರಲಿಲ್ಲ; ಅದು ಬಿಸಿಲನ್ನು ಹೀರಿಕೊಳ್ಳುವ ಇನ್ನೊಂದು ಬಗೆ. ಹಾಗಾಗಿ ಆ ಹುಡುಗಿಯ ಅನುಮಾನಕ್ಕೆ ನನ್ನ ಹತ್ತಿರ ನಿಜವಾದ ಉತ್ತರವಿತ್ತು. ಉತ್ತರವಿಲ್ಲದ ಅನುಮಾನದಿಂದ ಹುಕ್ ಶುರು ಮಾಡಿದರೆ ಮೂರು ಸೆಕೆಂಡು ಜನ ನಿಲ್ಲುತ್ತಾರೆ, ಆರನೆಯ ಸೆಕೆಂಡಿಗೆ ಎದ್ದು ಹೋಗುತ್ತಾರೆ. ನೋಡಿದವರ ಸಂಖ್ಯೆ ತೋರಿಸುವ ಗೆರೆ ಅಲ್ಲಿ ಕಡಿದ ಹಾಗೆ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಮಾತು ಕಟ್ಟುವ ಕೆಲಸ. ಮೊದಲು ಹೀಗೆ ಬರೆದೆ: "ಬೇಸಿಗೆಯಲ್ಲಿ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಮುಖ ಬೆಳ್ಳಗೆ ಕಾಣುತ್ತದೆ ಎಂದು ಮೊದಲ ಸಲ ಕೊಳ್ಳುವವರು ಹೆದರುತ್ತಾರೆ." ಬೆರಳು ಮಡಚಿ ಎಣಿಸಿದರೆ ನಲವತ್ತು ಅಕ್ಷರ. ಅವಸರವಿಲ್ಲದೆ ಮಾತಾಡಿದರೆ ನನ್ನ ಬಾಯಿಂದ ಸೆಕೆಂಡಿಗೆ ಆರು ಅಕ್ಷರ ಹೊರಡುತ್ತವೆ, ಮೂರು ಸೆಕೆಂಡಿಗೆ ಹದಿನೆಂಟು. ಹದಿನೆಂಟಕ್ಕೆ ಕತ್ತರಿಸಿ ನೋಡಿದೆ: "ಬೇಸಿಗೆಯಲ್ಲಿ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಮುಖ ಬೆಳ್ಳ..." ಮೈ ಜುಮ್ಮೆಂದಿತು. ಅಷ್ಟೇ ಕೇಳಿ ಮುಂದೆ ಹೋದವರ ಕಿವಿಯಲ್ಲಿ ಉಳಿಯುವುದು ಮುಖ ಬೆಳ್ಳಗಾಗುತ್ತದೆ ಎಂಬ ಮಾತು. ನಾನು ಹೇಳಹೊರಟದ್ದಕ್ಕೆ ಪೂರಾ ಉಲ್ಟಾ. ಬಣ್ಣ ಕಪ್ಪಿದ್ದವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಂಡಳಿ 2014ರಲ್ಲೇ ಹೇಳಿದೆ, 2020ರಲ್ಲಿ ಫೇರ್ ಅಂಡ್ ಲವ್ಲಿ ಕೂಡ ತನ್ನ ಹೆಸರಿನಿಂದ ಆ 'ಫೇರ್' ತೆಗೆದುಹಾಕಿತು. ನನ್ನ ವಾಕ್ಯ ಅರ್ಧಕ್ಕೆ ತುಂಡಾದರೂ ಆ ಕಡೆ ವಾಲಬಾರದು.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೆದರಿದರೋ, ನಕ್ಕರೋ, ಕೊಂಡರೋ ಎಂಬುದು ಗೊತ್ತಾಗುವುದು ಕೊನೆಯ ಅಕ್ಷರಗಳಲ್ಲೇ. ಹುಕ್ಕಿಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ಕಣ್ಣಿಗೆ ಕಾಣುವ ಪದಗಳನ್ನು ಮುಂದೆ ತಂದು, ಕ್ರಿಯಾಪದವನ್ನು ಆದಷ್ಟು ಚಿಕ್ಕದು ಮಾಡಿ, ಅದಕ್ಕೆ ಪ್ರಶ್ನೆಯ ಬಾಲ ಕಟ್ಟುತ್ತೇನೆ. ಎಂಟು ಸಲ ಹೊಡೆದು ಬರೆದ ಮೇಲೆ ಉಳಿದದ್ದು:

"ಮುಖಕ್ಕ ಸುಣ್ಣ ಹಚ್ಚಿದಂಗ ಕಾಣ್ತದೇನ್ರಿ?"

ಹದಿಮೂರು ಅಕ್ಷರ. ಎರಡು ಸೆಕೆಂಡಿಗಿಂತ ಒಂದು ಚೂರು ಹೆಚ್ಚು. ಮೊದಲ ಪದಕ್ಕೇ ಮುಖ ಕಣ್ಮುಂದೆ ಬರುತ್ತದೆ, ಎರಡನೆಯದಕ್ಕೆ ಸುಣ್ಣ. ಅಲ್ಲಿಗೇ ತುಂಡಾದರೂ ಚಿತ್ರ ಕೆಡುವುದಿಲ್ಲ. ಕೊನೆಯ 'ರಿ' ಬಿಡಬಹುದಿತ್ತೇನೋ, ಆದರೆ ನಮ್ಮ ಕಡೆ ಪರಿಚಯವಿಲ್ಲದವರಿಗೆ 'ರಿ' ಹಚ್ಚದೆ ಮಾತಾಡಿದರೆ ಜಗಳಕ್ಕೆ ಬಂದಂತೆ ಕೇಳಿಸುತ್ತದೆ. ಉಳಿದ ಮುಕ್ಕಾಲು ಸೆಕೆಂಡು ಬಾಯಿ ಮುಚ್ಚಿಕೊಂಡಿರಬೇಕು. ಆ ಸುಮ್ಮನಿರುವಿಕೆಯಲ್ಲೇ ನೋಡುವವರು ಒಳಗೊಳಗೆ "ಹೌದಲ್ಲ" ಅನ್ನುವುದು.

ಚಿತ್ರದ ವಿಷಯದಲ್ಲಿ ನನ್ನನ್ನು ತಿದ್ದಿದವರು ಚಿಕ್ಕಮ್ಮ. ಕಡಲೆಕಾಳಿನಷ್ಟು ಜೆಲ್ ಮುಂಗೈ ಮೇಲೆ ಇಟ್ಟು ಒಂದೇ ಉಜ್ಜಿಗೆ ಮಾಯ ಮಾಡಿದ್ದೆ. ಮೂರು ಸೆಕೆಂಡಿನೊಳಗೆ ಚೆಂದ ಕೂತಿತ್ತು. ನೋಡಿದವರೇ "ಏನವಾ, ಮುಖಕ್ಕ ಇಷ್ಟ ಹಚ್ಕೋತಾರೇನು?" ಅಂದರು. ಅವರ ಮಾತು ಸರಿ. ಟ್ಯೂಬಿನ ಮೇಲೆ ಬರೆದ ಎಸ್‌ಪಿಎಫ್ ಸಿಗುವುದು ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಹಚ್ಚಿ ಅಳೆದಾಗ. ಮನೆಯ ಲೆಕ್ಕದಲ್ಲಿ ಹೇಳಬೇಕೆಂದರೆ ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳಿನ ಉದ್ದಕ್ಕೂ ಒಂದೊಂದು ಗೆರೆ. ಅಷ್ಟು ಹಚ್ಚಿದರೆ ಯಾವ ಜೆಲ್ಲೂ ಒಂದೇ ಉಜ್ಜಿಗೆ ಮಾಯವಾಗುವುದಿಲ್ಲ. ಕಡಲೆಕಾಳು ತೋರಿಸಿ ನಂಬಿಸಿದರೆ ಹೊಸಬರು ಅಷ್ಟೇ ಹಚ್ಚಿಕೊಂಡು ಬಿಸಿಲಿಗೆ ಹೋಗುತ್ತಾರೆ, ಮುಖ ಸುಟ್ಟ ಮೇಲೆ ಟ್ಯೂಬು ಮೂಲೆಗೆ ಬೀಳುತ್ತದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ಚಿಕ್ಕಮ್ಮನ ಮಗಳನ್ನು ಕೂಡಿಸಿದೆ. ಒಂದು ಕೆನ್ನೆಯ ಮೇಲೆ ದಪ್ಪ ಬಿಳಿ ಗೆರೆ, ಬೆರಳು ಆಗಲೇ ಚಲಿಸುತ್ತಿದೆ. ವಿಡಿಯೊ ಅಲ್ಲಿಂದಲೇ ಶುರು, ನಮಸ್ಕಾರವಿಲ್ಲ, ಹೆಸರು ಹೇಳುವುದಿಲ್ಲ. ಹುಕ್ಕಿನಲ್ಲಿ ಗೆರೆ ಮಾಯವಾಗುವುದೇ ಇಲ್ಲ. ಅದು ಪ್ರಶ್ನೆಯಾಗಿ ಕೆನ್ನೆಯ ಮೇಲೆ ಉಳಿಯುತ್ತದೆ. ಪೂರಾ ಹರಡಲು ನಲವತ್ತು ಸೆಕೆಂಡು ಹಿಡಿಯಿತು. ಆ ಭಾಗವನ್ನು ಓಡಿಸಿ, 'ವೇಗ ಹೆಚ್ಚಿಸಿದೆ' ಎಂದು ತೆರೆಯ ಮೇಲೇ ಬರೆದೆ. ಕೊನೆಗೆ ಅದೇ ಬೆಳಕಿನಲ್ಲಿ ಎರಡೂ ಕೆನ್ನೆ. ದನಿ ಮುಚ್ಚಿ ನೋಡುವವರೇ ಸ್ಟೇಷನ್ನಿನಲ್ಲಿ ಹೆಚ್ಚು. ಅವರಿಗಾಗಿ ಆ ನಾಲ್ಕು ಪದಗಳನ್ನು ಹಣೆಯ ಮೇಲ್ಗಡೆ ದಪ್ಪಕ್ಷರದಲ್ಲಿ ಕೂಡಿಸಿದೆ. ಕೆಳಗಿಟ್ಟರೆ ಖಾತೆಯ ಹೆಸರು ಮುಚ್ಚುತ್ತದೆ, ಬಲಕ್ಕಿಟ್ಟರೆ ಗುಂಡಿಗಳು. 'ಹಚ್ಚಿದಂಗ'ದ ಒತ್ತಕ್ಷರ ಸಣ್ಣ ಮೊಬೈಲಿನಲ್ಲಿ ಕಲಸಿಹೋಗುತ್ತಿತ್ತು, ಎರಡು ಸಾಲು ಮಾಡಿದ ಮೇಲೆ ಬಿಡಿಯಾಯಿತು. ಹಣ ಪಡೆದು ಮಾಡಿದ್ದರಿಂದ ಎಡ ಮೂಲೆಯಲ್ಲಿ 'ಜಾಹೀರಾತು' ಎಂಬುದು ಮೊದಲ ಚೌಕಟ್ಟಿನಿಂದಲೇ ಇತ್ತು.

ಹುಕ್ ಕೂತಿದೆಯೋ ಇಲ್ಲವೋ ಎಂಬುದನ್ನು ನಾನು ಜನ ಕೇಳುವ ಪ್ರಶ್ನೆಯಿಂದ ಗುರುತಿಸುತ್ತೇನೆ. ಬರೀ ರೇಟು ಕೇಳಿದರೆ ಹಳಬರ ಕೈಗೆ ಸಿಕ್ಕಿದೆ ಎಂದರ್ಥ. ಈ ಸಲ ಬಂದವು ಬೇರೆ: ಸೆರಗು ಹೊದ್ದರೂ ಹಚ್ಚಬೇಕಾ, ಅಡುಗೆ ಒಲೆ ಮುಂದೆಯೂ ಬೇಕಾ, ಮಧ್ಯಾಹ್ನ ಮತ್ತೆ ಹಚ್ಚಬೇಕಾ. ಒಂದೊಂದನ್ನೂ ಕೂತು ಉತ್ತರಿಸಿದೆ. ಬಿಸಿಲಿನಲ್ಲಿ ಇರುವುದಾದರೆ ಎರಡು ತಾಸಿಗೊಮ್ಮೆ ಎಂದು ಬಹಳ ಸಲ ಬರೆದೆ.

ನಿನ್ನೆ ಸಂಜೆ ಮತ್ತೆ ಅಂಗಡಿಗೆ ಹೋಗಿದ್ದೆ. ಹತ್ತಿ ಹೊಲದಿಂದ ನೇರ ಬಂದಿದ್ದ ಒಬ್ಬ ಹೆಣ್ಣುಮಗಳು ಅದೇ ಟ್ಯೂಬು ಹಿಡಿದು ಚಿಕ್ಕಮ್ಮನನ್ನು ಕೇಳಿದಳು: "ಬೆವತ್ರ ಕಣ್ಣು ಉರಿತಾವೇನು?" ಸ್ಟೂಲಿನ ಮೇಲೆ ಕೂತಲ್ಲೇ ಬೆರಳು ಮಡಚಿದೆ. ಹತ್ತೇ ಅಕ್ಷರ.