ಮೀಡಿಯಂ ಯಾವುದು?

ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದರೆ ಕೋಚಿಂಗ್ ಸೆಂಟರುಗಳ ಬೋರ್ಡು ಒಂದರ ಪಕ್ಕ ಒಂದು. ಕೊನೇ ವರ್ಷದ ರಜೆಯಲ್ಲಿ ನಾನೂ ಅಲ್ಲಿನ ಒಂದು ರೀಡಿಂಗ್ ರೂಮಿನಲ್ಲಿ ಕುರ್ಚಿ ಹಿಡಿದೆ. ಮೊದಲ ದಿನವೇ ಪಕ್ಕದ ಟೇಬಲ್ಲಿನ ಹಾಸನದ ಅಣ್ಣ ಕೇಳಿದ್ರು, "ಯುಪಿಎಸ್‌ಸಿ ಮೇನ್ಸ್ ಯಾವ ಮೀಡಿಯಂ?"

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಆರು ವರ್ಷ ಇಂಗ್ಲಿಷ್. "ಇಂಗ್ಲಿಷೇ ಅಲ್ವಾ ಅಣ್ಣ, ಇಂಜಿನಿಯರಿಂಗ್ ಮಾಡಿದ್ದೀನಲ್ಲ" ಅಂದೆ. ಅವರು ನಕ್ಕು, "ಎರಡರಲ್ಲೂ ಒಂದೇ ಪ್ರಶ್ನೆ ಬರೆದು ನೋಡು, ಆಮೇಲೆ ಹೇಳು" ಅಂದ್ರು.

ಜನರಲ್ ಸ್ಟಡೀಸ್‌ನ ಮೊದಲ ಮೂರು ಪೇಪರುಗಳಲ್ಲಿ ತಲಾ ಇಪ್ಪತ್ತು ಪ್ರಶ್ನೆ. ಹತ್ತು ಅಂಕದವು ಹತ್ತು, 150 ಪದ. ಹದಿನೈದು ಅಂಕದವು ಹತ್ತು, 250 ಪದ. ಸಮಯ ಮೂರು ಗಂಟೆ. ಚಿಕ್ಕದಕ್ಕೆ ಏಳು ನಿಮಿಷ, ದೊಡ್ಡದಕ್ಕೆ ಹನ್ನೊಂದು ಅಂತ ಹಂಚಿದರೆ 180 ನಿಮಿಷ ಸರಿಯಾಗಿ ಮುಗಿಯುತ್ತದೆ. ಕೇಂದ್ರ-ರಾಜ್ಯ ತೆರಿಗೆ ಹಂಚಿಕೆಯ ಮೇಲೆ ಒಂದು ದೊಡ್ಡ ಪ್ರಶ್ನೆ ಎತ್ತಿಕೊಂಡು, ಮೊಬೈಲಿನಲ್ಲಿ ಟೈಮರ್ ಇಟ್ಟು ಕೂತೆ.

ಇಂಗ್ಲಿಷ್ ಉತ್ತರ ಹನ್ನೊಂದು ನಿಮಿಷಕ್ಕೆ ಮುಗೀತು. ಓದಿ ನೋಡಿದರೆ ಎಲ್ಲಾ ನೋಟ್ಸಿನ ವಾಕ್ಯಗಳೇ. ಪ್ರಶ್ನೆ "ವಿಮರ್ಶಿಸಿ" ಎಂದಿತ್ತು, ನಾನು ವಿವರಿಸಿದ್ದೆ. ಮಾರನೇ ದಿನ ಕನ್ನಡದಲ್ಲಿ ಬರೆದೆ. ಹದಿನಾಲ್ಕು ನಿಮಿಷ! ಆದರೆ ದಕ್ಷಿಣದ ರಾಜ್ಯಗಳ ದೂರು ಏನು, ಅದಕ್ಕೆ ಎದುರು ವಾದ ಏನು ಅಂತ ನನ್ನದೇ ಮಾತಿನಲ್ಲಿ ಬಂದಿತ್ತು. ಪುಟದಲ್ಲಿ ಪದಗಳು ಕಡಿಮೆ ಇದ್ದವು, ವಿಷಯ ಕಡಿಮೆ ಇರಲಿಲ್ಲ. 'ಬಿಟ್ವೀನ್ ದ ಸೆಂಟರ್ ಅಂಡ್ ದ ಸ್ಟೇಟ್ಸ್' ಅನ್ನೋ ಆರು ಪದ 'ಕೇಂದ್ರ-ರಾಜ್ಯಗಳ ನಡುವೆ' ಅಂದರೆ ಮುಗೀತಲ್ಲ.

ಹಾಗಾದರೆ ಆ ಮೂರು ನಿಮಿಷ ಎಲ್ಲಿ ಹೋಯ್ತು? ಪದ ಹುಡುಕೋದರಲ್ಲಿ. ಫಿಸ್ಕಲ್ ಡೆಫಿಸಿಟ್‌ಗೆ 'ವಿತ್ತೀಯ ಕೊರತೆ' ಸರಿ. ರೆವಿನ್ಯೂ ಡೆಫಿಸಿಟ್‌ಗೆ 'ಕಂದಾಯ ಕೊರತೆ' ಬರೆದು, ಓದುವವರು ಭೂಕಂದಾಯ ಅಂದುಕೊಂಡರೆ ಅಂತ ಹೆದರಿ ಹೊಡೆದುಹಾಕಿ, 'ರಾಜಸ್ವ ಕೊರತೆ' ಮಾಡಿದ್ದೆ. ಅಣ್ಣ ಇದನ್ನು ನೋಡಿ ಹೇಳಿದ್ದು ಇಷ್ಟೇ: "ಪದದ ಕೊರತೆ ಆರು ವಾರದಲ್ಲಿ ತುಂಬುತ್ತೆ. ವಾದದ ಕೊರತೆ ಅಷ್ಟು ಬೇಗ ತುಂಬಲ್ಲ."

ನಿಯಮಗಳನ್ನು ಓದಿದ ಮೇಲೆ ಇನ್ನಷ್ಟು ಧೈರ್ಯ ಬಂತು. ಕನ್ನಡದಲ್ಲಿ ಬರೆಯುವವರು ತಾಂತ್ರಿಕ ಪದಕ್ಕೆ ಮಾತ್ರ ಪಕ್ಕದಲ್ಲಿ ಕಂಸ ಹಾಕಿ ಇಂಗ್ಲಿಷ್ ರೂಪ ಕೊಡಬಹುದು. ಪ್ರಬಂಧ ಮತ್ತು ಜನರಲ್ ಸ್ಟಡೀಸ್ ಕನ್ನಡದಲ್ಲಿ ಬರೆದು, ಐಚ್ಛಿಕ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯಲೂ ಅವಕಾಶ ಇದೆ. ನನ್ನ ಐಚ್ಛಿಕ ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಅದನ್ನು ಕನ್ನಡಕ್ಕೆ ತರುವ ಗೋಜೇ ಇಲ್ಲ. ಆದರೆ ಅರ್ಜಿಯಲ್ಲಿ ಹಾಕಿದ ಮಾಧ್ಯಮ ಬಿಟ್ಟು ಬೇರೆಯದರಲ್ಲಿ ಬರೆದ ಉತ್ತರಕ್ಕೆ ಅಂಕವಿಲ್ಲ. ಅರ್ಧ ದಾರಿಯಲ್ಲಿ ಮನಸ್ಸು ಬದಲಿಸೋಕಾಗಲ್ಲ.

ಕಷ್ಟಗಳೂ ಇವೆ. ಪ್ರಶ್ನೆಗಳು ಅಚ್ಚಾಗುವುದು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ಅಂದರೆ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಬರೆಯಬೇಕು. ಅದಕ್ಕೆ ನನ್ನ ನೋಟ್ಸಿನ ಪುಟವನ್ನು ಎರಡು ಭಾಗ ಮಾಡಿದೆ. ಎಡಕ್ಕೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ ವಿಷಯದ ಮುಖ್ಯ ಪದಗಳು, ಬಲಕ್ಕೆ ಅದೇ ವಿಷಯ ಕನ್ನಡದ ಪೂರ್ತಿ ವಾಕ್ಯದಲ್ಲಿ. ದಿನಕ್ಕೆ ಹತ್ತು ಪದ, ಒಂದು ಪದಕ್ಕೆ ಒಂದೇ ಕನ್ನಡ ರೂಪ, ಮತ್ತೆ ಬದಲಿಸುವಂತಿಲ್ಲ. ಇದಕ್ಕೇ ದಿನಾ ಒಂದು ಗಂಟೆ ಹೆಚ್ಚು ಹೋಗುತ್ತೆ. ಕನ್ನಡದ ಉತ್ತರ ತಿದ್ದಿಕೊಡುವವರೂ ಕಡಿಮೆ; ನಾನೂ ಅಣ್ಣನೂ ಭಾನುವಾರ ಒಬ್ಬರದನ್ನೊಬ್ಬರು ತಿದ್ದುತ್ತೇವೆ. ಏಳನೇ ವಾರ ಅದೇ ಪ್ರಶ್ನೆ ಮತ್ತೆ ಬರೆದೆ. ಹನ್ನೊಂದು ನಿಮಿಷ.

ಬಸವೇಶ್ವರನಗರದ ನನ್ನ ಕ್ಲಾಸ್‌ಮೇಟ್ ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಅವಳೂ ಎರಡರಲ್ಲೂ ಬರೆದು ನೋಡಿದಳು. ಕನ್ನಡದಲ್ಲಿ ಪದವೂ ತಡೀತು, ವಾದವೂ ತಡೀತು. ಅವಳು ಇಂಗ್ಲಿಷ್ ತಗೊಂಡಳು, ಅದೂ ಸರಿಯೇ. ಆದರೂ ಅವಳಿಗೆ ಕನ್ನಡ ತಪ್ಪಿಲ್ಲ: 300 ಅಂಕದ ಭಾರತೀಯ ಭಾಷೆಯ ಪೇಪರಿಗೆ ಕನ್ನಡ ತಗೊಂಡಿದ್ದಾಳೆ, ಅದರಲ್ಲಿ ಶೇಕಡಾ 25, ಅಂದರೆ 75 ಬರದಿದ್ದರೆ ಉಳಿದ ಪೇಪರುಗಳ ಅಂಕ ಲೆಕ್ಕಕ್ಕೇ ಬರಲ್ಲ. ಈಗ ಅವಳ ಕನ್ನಡ ಪ್ರಬಂಧಗಳನ್ನು ತಿದ್ದೋದು ನಾನು. ಒತ್ತಕ್ಷರ ಇನ್ನೂ ತಪ್ಪುತ್ತೆ, ಆದರೆ ಮೊನ್ನೆಯದು ಪೂರ್ತಿ ಎರಡು ಪುಟ ಇತ್ತು.