ವಾಕ್ಯವನ್ನು ಎಲ್ಲಿ ತುಂಡರಿಸಬೇಕು?

ಅನುವಾದ ಸ್ಮೃತಿ ಎಂಬ ತಂತ್ರಾಂಶವು ಹಳೆಯ ಅನುವಾದಗಳನ್ನು ತುಂಡು ತುಂಡಾಗಿ ಕಾದಿಟ್ಟು, ಅಂಥದೇ ತುಂಡು ಮತ್ತೆ ಬಂದಾಗ ಎದುರಿಗಿಡುತ್ತದೆ. ತುಂಡು ಮುಗಿದುದನ್ನು ಅದು ಸಾಮಾನ್ಯವಾಗಿ ಪೂರ್ಣವಿರಾಮದಿಂದ ಗುರುತಿಸುತ್ತದೆ. ಗೋಕಾಕದಲ್ಲಿ ಕುಳಿತು ಅನುವಾದ ಮಾಡುವವರಿಗೆ ಮೊದಲ ತೊಡಕು ವಿಳಾಸದಲ್ಲೇ. ‘ತಾ. ಮೂಡಲಗಿ, ಜಿ. ಬೆಳಗಾವಿ’ ಎಂಬುದು ಮೂರು ತುಂಡಾಗಿಬಿಡುತ್ತದೆ! ಆದ್ದರಿಂದ ‘ತಾ.’, ‘ಜಿ.’ಗಳನ್ನು ಅಪವಾದಗಳೆಂದು ಬರೆಯಬೇಕು. ಅದೂ ನಿಯಮಪಟ್ಟಿಯಲ್ಲಿ ಪೂರ್ಣವಿರಾಮದ ನಿಯಮಕ್ಕಿಂತ ಮೇಲೆ. ಮೊದಲು ಹೊಂದಿದ ನಿಯಮವೇ ನಡೆಯುವುದರಿಂದ ಕೆಳಗೆ ಬರೆದರೆ ವ್ಯರ್ಥ.

ಉದ್ದ ವಾಕ್ಯದ ಕಥೆ ಬೇರೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಬಗ್ಗೆ ಇಂಥದೊಂದು ಪ್ರಕಟಣೆ ಬಂದಿದೆಯೆನ್ನಿ: ‘ನಾಳೆ ನೀರು ಬಿಡುವುದರಿಂದ ನದಿ ದಂಡೆಯಲ್ಲಿ ವಾಸಿಸುವ ಜನರು ನದಿಗೆ ಇಳಿಯಬಾರದು; ಜಾನುವಾರುಗಳನ್ನು ನದಿಯತ್ತ ಬಿಡಬಾರದು.’ ಇಡೀ ವಾಕ್ಯ ಒಂದೇ ತುಂಡಾದರೆ, ಮುಂದಿನ ಸಲ ‘ನಾಳೆ’ ಹೋಗಿ ‘ಸೋಮವಾರ’ ಬಂದರೂ ಪೂರ್ತಿ ಹೊಂದಿಕೆ ತಪ್ಪುತ್ತದೆ. ಅರ್ಧವಿರಾಮದಲ್ಲಿ ಕತ್ತರಿಸಿದರೆ ಜಾನುವಾರಿನ ಮಾತಾದರೂ ನೂರಕ್ಕೆ ನೂರು ಹೊಂದಿ ಬರುತ್ತದೆ.

ಹಾಗೆಂದು ‘ವಾಸಿಸುವ’ ಎಂಬಲ್ಲಿ ಕತ್ತರಿಸಲಾದೀತೆ? ಇಂಗ್ಲಿಷಿನಲ್ಲಿ ‘ಜನರು’ ಮೊದಲು ಬಂದು ‘ದಂಡೆಯಲ್ಲಿ ವಾಸಿಸುವ’ ಎಂಬುದು ಆಮೇಲೆ ಬರುತ್ತದೆ. ಎರಡು ತುಂಡುಗಳ ಅನುವಾದ ಅದಲುಬದಲಾಗಿ ಸ್ಮೃತಿಯಲ್ಲಿ ಕೂತು, ಮುಂದೊಮ್ಮೆ ಬೇರೆ ವಾಕ್ಯದಲ್ಲಿ ತಪ್ಪು ಅರ್ಥವನ್ನೇ ನೂರಕ್ಕೆ ನೂರೆಂದು ತೋರಿಸುತ್ತದೆ. ‘ಇಳಿಯಬಾರದು’ ಎಂಬಂತೆ ಕ್ರಿಯೆ ಪೂರ್ಣಗೊಂಡಲ್ಲಿ ಮಾತ್ರ ಕತ್ತರಿ ಆಡಬೇಕು. ಅಲ್ಪವಿರಾಮದ ತಂಟೆಗಂತೂ ಹೋಗಬಾರದು. ‘ಗೋಕಾಕ, ಮೂಡಲಗಿ, ಹುಕ್ಕೇರಿ’ ಎಂದು ಬರೆದರೆ ಊರಿಗೊಂದು ತುಂಡಾದೀತು.